ನಾಲ್ಕರ ಬದಲು ಮೂರು: ಒಂದು ಗುಣಾಕಾರ ಉಳಿಸಿದರೆ ಎಷ್ಟು ಉಳಿಯುತ್ತದೆ?

1960ರ ಶರತ್ಕಾಲದಲ್ಲಿ ಮಾಸ್ಕೋ ವಿಶ್ವವಿದ್ಯಾಲಯದ ಒಂದು ವಿಚಾರಗೋಷ್ಠಿಯಲ್ಲಿ ಗಣಿತಜ್ಞ ಆಂದ್ರೇ ಕೊಲ್ಮೊಗೊರೊವ್ ತಮ್ಮ ಊಹೆಯೊಂದನ್ನು ಎಲ್ಲರ ಮುಂದಿಟ್ಟರು. ತಲಾ n ಅಂಕಿಗಳಿರುವ ಎರಡು ಸಂಖ್ಯೆಗಳನ್ನು ಗುಣಿಸಲು ಹೆಚ್ಚುಕಡಿಮೆ n² ಹೆಜ್ಜೆಗಳು ಬೇಕೇ ಬೇಕು, ಅದಕ್ಕಿಂತ ಬೇಗ ಮುಗಿಸುವ ದಾರಿಯಿಲ್ಲ ಎಂಬುದು ಆ ಊಹೆ. ಸಾವಿರಾರು ವರ್ಷಗಳಿಂದ ಜನ ಗುಣಿಸುತ್ತಲೇ ಬಂದಿದ್ದಾರೆ, ಹತ್ತಿರದ ದಾರಿ ಇದ್ದಿದ್ದರೆ ಇಷ್ಟರಲ್ಲಿ ಯಾರ ಕಣ್ಣಿಗಾದರೂ ಬೀಳುತ್ತಿತ್ತು ಎಂದು ಅವರಿಗೆ ಅನ್ನಿಸಿತ್ತು. ಕೇಳುತ್ತಿದ್ದವರಲ್ಲಿ 23 ವರ್ಷದ ಅನಾತೊಲಿ ಕರಾತ್ಸುಬಾ ಎಂಬ ವಿದ್ಯಾರ್ಥಿಯೂ ಇದ್ದ. ವಾರ ಕಳೆಯುವುದರೊಳಗೆ ಆತ ಅಂಥ ದಾರಿಯೊಂದನ್ನು ಕಂಡುಹಿಡಿದು ತಂದು ತೋರಿಸಿದ. ಕೊಲ್ಮೊಗೊರೊವ್ ಮುಂದಿನ ಸಭೆಯಲ್ಲಿ ಅದನ್ನು ತಾವೇ ವಿವರಿಸಿ, ಗೋಷ್ಠಿಯನ್ನು ಅಲ್ಲಿಗೇ ಮುಗಿಸಿದರು.

ಕರಾತ್ಸುಬಾ ಮಾಡಿದ್ದನ್ನು ಒಂದು ಸಾಲಿನಲ್ಲಿ ಹೇಳಿಬಿಡಬಹುದು: ನಾಲ್ಕು ಗುಣಾಕಾರಗಳ ಜಾಗದಲ್ಲಿ ಮೂರು ಮಾಡಿದ. ನಾಲ್ಕರಲ್ಲಿ ಒಂದು ಉಳಿದರೆ ಕಾಲುಭಾಗ ಉಳಿತಾಯವಾಯಿತು ಎಂದಷ್ಟೇ ಯಾರಿಗಾದರೂ ತೋರುತ್ತದೆ. ಆದರೆ ಅಲ್ಲಿ ಉಳಿದದ್ದು ಕಾಲುಭಾಗ ಮಾತ್ರವಲ್ಲ; n²ದ ಮೇಲಿರುವ 2 ಎಂಬ ಘಾತಾಂಕವೇ ಕೆಳಗಿಳಿಯಿತು. ಅದು ಹೇಗೆ ಇಳಿಯುತ್ತದೆ, ಎಷ್ಟು ಇಳಿಯುತ್ತದೆ ಎಂಬುದನ್ನು ಲೆಕ್ಕ ಹಾಕಿ ಹೇಳುವ ಸಾಧನಕ್ಕೆ ಕಂಪ್ಯೂಟರ್ ವಿಜ್ಞಾನದಲ್ಲಿ ಮಾಸ್ಟರ್ ಪ್ರಮೇಯ ಎಂದು ಹೆಸರು. ಈ ಪ್ರಮೇಯವನ್ನು ಸೂತ್ರವಾಗಿ ಬಾಯಿಪಾಠ ಮಾಡಿ ಪರೀಕ್ಷೆ ಬರೆದವರು ಬಹಳ ಮಂದಿ. ಅದಕ್ಕಿಂತ ಗುಣಾಕಾರದ ಈ ಒಂದು ಲೆಕ್ಕವನ್ನು ಕೊನೆತನಕ ಬಿಡಿಸಿ ನೋಡುವುದು ಮೇಲು ಎಂದು ನನಗೆ ಅನ್ನಿಸುತ್ತದೆ. ಪ್ರಮೇಯ ಅದರೊಳಗಿಂದ ತಾನಾಗಿಯೇ ಹೊರಬರುತ್ತದೆ.

1234ನ್ನು 5678ರಿಂದ ಗುಣಿಸಬೇಕು ಎಂದಿಟ್ಟುಕೊಳ್ಳೋಣ. ಶಾಲೆಯಲ್ಲಿ ಕಲಿತಂತೆ ಮಾಡಿದರೆ ಮೇಲಿನ ನಾಲ್ಕು ಅಂಕಿಗಳಲ್ಲಿ ಒಂದೊಂದನ್ನೂ ಕೆಳಗಿನ ನಾಲ್ಕು ಅಂಕಿಗಳಿಂದ ಗುಣಿಸಬೇಕು, ಅಂದರೆ ಮಗ್ಗಿಯಿಂದ ಹೇಳುವಂಥ 16 ಪುಟ್ಟ ಗುಣಾಕಾರಗಳು. ಅಂಕಿಗಳು ಎರಡರಷ್ಟಾದರೆ ಈ ಎಣಿಕೆ ನಾಲ್ಕರಷ್ಟಾಗುತ್ತದೆ. n² ಎಂದರೆ ಇಷ್ಟೇ.

ಈಗ ಸಂಖ್ಯೆಗಳನ್ನು ನಡುವೆ ಒಡೆಯೋಣ. 1234 ಎಂದರೆ 12 ನೂರು ಮತ್ತು 34. 5678 ಎಂದರೆ 56 ನೂರು ಮತ್ತು 78. ಗುಣಲಬ್ಧಕ್ಕೆ 12×56, 12×78, 34×56, 34×78 ಎಂಬ ನಾಲ್ಕು ಗುಣಾಕಾರಗಳು ಬೇಕು. ಮೊದಲನೆಯದು ಹತ್ತು ಸಾವಿರದ ಸ್ಥಾನಕ್ಕೆ ಹೋಗುತ್ತದೆ, ನಡುವಿನ ಎರಡನ್ನು ಕೂಡಿ ನೂರರ ಸ್ಥಾನದಲ್ಲಿ ಇಡಬೇಕು, ಕೊನೆಯದು ಬಿಡಿಯ ಸ್ಥಾನದಲ್ಲಿ ಕೂರುತ್ತದೆ. ಎರಡಂಕಿಯ ಈ ಗುಣಾಕಾರಗಳನ್ನೂ ಮತ್ತೆ ಹೀಗೆಯೇ ಒಡೆಯಬಹುದು. ದೊಡ್ಡ ಸಮಸ್ಯೆಯನ್ನು ಅದೇ ಬಗೆಯ ಸಣ್ಣ ಸಮಸ್ಯೆಗಳಾಗಿ ಒಡೆದು, ಒಂದೊಂದನ್ನೂ ಬಿಡಿಸಿ, ಉತ್ತರಗಳನ್ನು ಜೋಡಿಸುವ ಇಂಥ ಕ್ರಮವನ್ನು ‘ಒಡೆದು ಗೆಲ್ಲುವ’ ವಿಧಾನ ಎನ್ನುತ್ತಾರೆ.

ಕರಾತ್ಸುಬಾ ಗಮನಿಸಿದ್ದು ನಡುವಿನ ಎರಡು ಗುಣಾಕಾರಗಳನ್ನು. ಅವೆರಡೂ ಬೇರೆಬೇರೆಯಾಗಿ ಬೇಕಿಲ್ಲ, ಅವುಗಳ ಮೊತ್ತ ಸಿಕ್ಕರೆ ಸಾಕು. ಆ ಮೊತ್ತಕ್ಕೆ ಬೇರೆ ದಾರಿಯಿದೆ. 12 ಮತ್ತು 34ನ್ನು ಕೂಡಿದರೆ 46, 56 ಮತ್ತು 78ನ್ನು ಕೂಡಿದರೆ 134. ಇವೆರಡರ ಗುಣಲಬ್ಧವಾದ 6164ರೊಳಗೆ ನಮಗೆ ಬೇಕಾದ ನಾಲ್ಕೂ ಗುಣಲಬ್ಧಗಳು ಒಟ್ಟಾಗಿ ಸೇರಿವೆ. ಅದರಿಂದ ಮೊದಲನೆಯದನ್ನೂ ಕೊನೆಯದನ್ನೂ ಕಳೆದರೆ ನಡುವಿನವುಗಳ ಮೊತ್ತ ಉಳಿಯುತ್ತದೆ. ಮೊದಲನೆಯದನ್ನೂ ಕೊನೆಯದನ್ನೂ ಹೇಗಿದ್ದರೂ ಗುಣಿಸಲೇಬೇಕಿತ್ತು.

```
12 × 56 = 672
34 × 78 = 2652
46 × 134 = 6164
6164 − 672 − 2652 = 2840

6720000 + 284000 + 2652 = 7006652
```

ಗುಣಾಕಾರಗಳು ಮೂರೇ ಆದವು. ಬದಲಿಗೆ ಕೂಡುವ, ಕಳೆಯುವ ಕೆಲಸ ಹೆಚ್ಚಾಯಿತು. ಆದರೆ n ಅಂಕಿಗಳನ್ನು ಕೂಡಲು ಬಲದಿಂದ ಎಡಕ್ಕೆ ಒಂದು ಸಲ ನಡೆದರೆ ಸಾಕು. ಅದು n ಹೆಜ್ಜೆಗಳ ಆಸುಪಾಸಿನ ಕೆಲಸ. ಇಲ್ಲಿ 134ಕ್ಕೆ ಮೂರು ಅಂಕಿಗಳಾದವಲ್ಲ ಎಂದು ಸೂಕ್ಷ್ಮವಾಗಿ ಓದುವವರು ಕೇಳಬಹುದು. ಹೌದು, ಕೂಡಿದಾಗ ಒಂದು ಅಂಕಿ ಹೆಚ್ಚಾಗುವುದುಂಟು. ಪ್ರೋಗ್ರಾಂ ಬರೆಯುವಾಗ ಅದಕ್ಕೆ ಜಾಗ ಬಿಡಲೇಬೇಕು, ಆದರೆ ಒಟ್ಟು ಲೆಕ್ಕ ಬೆಳೆಯುವ ವೇಗವನ್ನು ಆ ಒಂದು ಅಂಕಿ ಬದಲಿಸುವುದಿಲ್ಲ.

ಇನ್ನು ಈ ಕೆಲಸದ ಖರ್ಚನ್ನು ಬರೆಯೋಣ. n ಅಂಕಿಗಳ ಗುಣಾಕಾರಕ್ಕೆ ತಗಲುವ ಹೆಜ್ಜೆಗಳನ್ನು T(n) ಎನ್ನೋಣ. ಒಡೆದ ಮೇಲೆ ಅರ್ಧ ಗಾತ್ರದ ಗುಣಾಕಾರಗಳಿವೆ, ಒಂದೊಂದಕ್ಕೂ T(n/2) ಹೆಜ್ಜೆ. ಮೇಲೆ ಕೂಡಿ ಕಳೆಯುವುದಕ್ಕೆ n. ಹಾಗಾಗಿ,

```
T(n) = 4T(n/2) + n     (ನಾಲ್ಕು ಗುಣಾಕಾರ)
T(n) = 3T(n/2) + n     (ಕರಾತ್ಸುಬಾ)
```

ಎಡಗಡೆಯಲ್ಲಿರುವ T ಬಲಗಡೆಯಲ್ಲೂ ಚಿಕ್ಕದಾಗಿ ಮತ್ತೆ ಬಂದಿದೆ. ತನ್ನ ಉತ್ತರವನ್ನು ತನ್ನದೇ ಸಣ್ಣ ರೂಪದ ಮೂಲಕ ಹೇಳುವ ಇಂಥ ಸಮೀಕರಣವನ್ನು ರಿಕರೆನ್ಸ್ ಎನ್ನುತ್ತಾರೆ. ಇದು ಖರ್ಚು ಹೇಗೆ ಹುಟ್ಟುತ್ತದೆ ಎಂದು ಹೇಳುತ್ತದೆಯೇ ಹೊರತು ಒಟ್ಟು ಎಷ್ಟು ಎಂದು ಹೇಳುವುದಿಲ್ಲ. ಅದನ್ನು ಬಿಡಿಸಿದರೆ ಮಾತ್ರ ಉತ್ತರ.

ಬಿಡಿಸಲು ಒಂದು ವಂಶವೃಕ್ಷ ಬರೆದಂತೆ ಬರೆದುಕೊಳ್ಳುವುದು ಅನುಕೂಲ. ಎಲ್ಲಕ್ಕಿಂತ ಮೇಲೆ ಮೂಲ ಸಮಸ್ಯೆ, ಅದರ ಕೆಳಗೆ ಅದರಿಂದ ಹುಟ್ಟಿದ ಮಕ್ಕಳು, ಅವರ ಕೆಳಗೆ ಮೊಮ್ಮಕ್ಕಳು, ಹೀಗೆ ಒಂದೇ ಅಂಕಿ ಉಳಿಯುವವರೆಗೆ. n 1024 ಇರಲಿ, ಏಕೆಂದರೆ ಅದನ್ನು ಸರಿಯಾಗಿ ಹತ್ತು ಸಲ ಅರ್ಧ ಮಾಡಿದರೆ 1 ಬರುತ್ತದೆ. ಮೂಲದಿಂದ ಕೊನೆಯ ಎಲೆಗಳವರೆಗೆ ಒಟ್ಟು ಹನ್ನೊಂದು ಸಾಲುಗಳು.

ಕರಾತ್ಸುಬಾ ಮರದಲ್ಲಿ ಮೊದಲ ಸಾಲಿನ ಖರ್ಚು 1024. ಎರಡನೆಯ ಸಾಲಿನಲ್ಲಿ 512 ಅಂಕಿಗಳ ಮೂರು ಸಮಸ್ಯೆಗಳಿವೆ, ಖರ್ಚು 1536. ಮೂರನೆಯ ಸಾಲಿನಲ್ಲಿ 256 ಅಂಕಿಗಳ ಒಂಬತ್ತು, ಖರ್ಚು 2304. ಒಂದೊಂದು ಸಾಲು ಇಳಿದಂತೆ ಸಮಸ್ಯೆಗಳು ಮೂರರಷ್ಟಾಗುತ್ತವೆ, ಗಾತ್ರ ಅರ್ಧವಾಗುತ್ತದೆ, ಆದ್ದರಿಂದ ಸಾಲಿನ ಖರ್ಚು ಒಂದೂವರೆಪಟ್ಟು ಬೆಳೆಯುತ್ತದೆ. ಕೊನೆಯ ಸಾಲಿನಲ್ಲಿ ಒಂದಂಕಿಯ 59,049 ಗುಣಾಕಾರಗಳು. ಮೂರನ್ನು ಹತ್ತು ಸಲ ಗುಣಿಸಿದರೆ ಬರುವ ಸಂಖ್ಯೆ ಅದು. ಎಲ್ಲ ಸಾಲುಗಳನ್ನೂ ಕೂಡಿದರೆ 1,75,099. ಒಟ್ಟು ಖರ್ಚಿನ ಮೂರನೇ ಒಂದು ಭಾಗ ಕೊನೆಯ ಒಂದೇ ಸಾಲಿನದು.

ನಾಲ್ಕು ಗುಣಾಕಾರಗಳ ಮರದಲ್ಲಾದರೆ ಸಾಲಿನ ಖರ್ಚು ಪ್ರತಿ ಸಲವೂ ಎರಡರಷ್ಟಾಗುತ್ತದೆ. ಎಲೆಗಳು 10,48,576. ಇದು 1024ರ ವರ್ಗ, ಅಂದರೆ ಶಾಲೆಯ ಪದ್ಧತಿಯ ಎಣಿಕೆಯೇ. ಸಂಖ್ಯೆಗಳನ್ನು ಎಷ್ಟು ಚೂರು ಮಾಡಿದರೂ ಕೊನೆಗೆ ಪ್ರತಿ ಅಂಕಿಯೂ ಪ್ರತಿ ಅಂಕಿಯನ್ನು ಭೇಟಿ ಮಾಡಿಯೇ ಮಾಡಿತು. ಒಟ್ಟು ಖರ್ಚು 20,96,128. ಒಡೆದದ್ದರಿಂದ ಏನೂ ಗಿಟ್ಟಲಿಲ್ಲ! ಒಡೆದು ಗೆಲ್ಲುವುದು ಎಂಬ ಹೆಸರು ಕೇಳಿ, ಒಡೆದರೆ ಗೆದ್ದಂತೆಯೇ ಎಂದುಕೊಳ್ಳುವವರು ಈ ಮರವನ್ನು ಒಮ್ಮೆ ನೋಡಬೇಕು. ಒಡೆದಾಗ ಎಷ್ಟು ತುಂಡುಗಳನ್ನು ಬಿಡಿಸಬೇಕಾಗುತ್ತದೆ ಎಂಬುದರ ಮೇಲೆಯೇ ಗೆಲುವು ನಿಂತಿದೆ.

ಅದೇ ಸಮೀಕರಣದಲ್ಲಿ 3ರ ಜಾಗಕ್ಕೆ 2 ಹಾಕೋಣ. ಇದು ಮರ್ಜ್ ಸಾರ್ಟ್‌ನ ಸಮೀಕರಣ. ಪಟ್ಟಿಯನ್ನು ಎರಡು ಅರ್ಧ ಮಾಡಿ, ಒಂದೊಂದನ್ನೂ ಕ್ರಮವಾಗಿ ಜೋಡಿಸಿ, ಆಮೇಲೆ ಎರಡನ್ನೂ ಹೆಣೆಯುವ ಈ ವಿಧಾನವನ್ನು 1945ರಲ್ಲಿ ಜಾನ್ ಫಾನ್ ನಾಯ್ಮನ್ ರೂಪಿಸಿದರು. ತುಂಡುಗಳು ಎರಡರಷ್ಟಾಗುತ್ತವೆ, ಗಾತ್ರ ಅರ್ಧವಾಗುತ್ತದೆ, ಸಾಲಿನ ಖರ್ಚು ಹಾಗೇ ಉಳಿಯುತ್ತದೆ. ಹನ್ನೊಂದು ಸಾಲು, ಪ್ರತಿ ಸಾಲಿಗೂ 1024, ಒಟ್ಟು 11,264.

ಕೊನೆಗೆ 1 ಹಾಕಿದರೆ ಮರಕ್ಕೆ ಕೊಂಬೆಯೇ ಇಲ್ಲ. 1024, 512, 256 ಎಂದು ಖರ್ಚು ಇಳಿಯುತ್ತಾ ಹೋಗಿ ಒಟ್ಟು 2047ಕ್ಕೆ ನಿಲ್ಲುತ್ತದೆ. ಅದರಲ್ಲಿ ಅರ್ಧದಷ್ಟು ಮೊದಲ ಸಾಲಿನಲ್ಲೇ ಆಗಿಹೋಗಿದೆ.

ನಾಲ್ಕೂ ಮರಗಳಲ್ಲಿ ಬದಲಾದದ್ದು ಒಂದೇ ಒಂದು ಅಂಕಿ. ಆದರೆ ಖರ್ಚಿನ ಭಾರ ಬೀಳುವ ಜಾಗ ಬದಲಾಯಿತು: 4 ಮತ್ತು 3 ಇದ್ದಾಗ ಕೆಳಗಿನ ಎಲೆಗಳ ಮೇಲೆ, 2 ಇದ್ದಾಗ ಎಲ್ಲ ಸಾಲುಗಳ ಮೇಲೂ ಸಮವಾಗಿ, 1 ಇದ್ದಾಗ ಮೇಲಿನ ಮೂಲದಲ್ಲೇ. ಮಾಸ್ಟರ್ ಪ್ರಮೇಯದ ಮೂರು ಸಂದರ್ಭಗಳು ಎಂದು ಪಠ್ಯಪುಸ್ತಕಗಳು ಹೇಳುವುದು ಇವನ್ನೇ.

ಸಾಮಾನ್ಯ ರೂಪದಲ್ಲಿ ಅದು ಹೀಗಿದೆ. ಸಮಸ್ಯೆಯೊಂದು a ತುಂಡುಗಳನ್ನು ಹುಟ್ಟಿಸುತ್ತದೆ, ಪ್ರತಿ ತುಂಡಿನ ಗಾತ್ರ ಮೂಲದ b ಭಾಗಗಳಲ್ಲಿ ಒಂದು, ಒಡೆದು ಜೋಡಿಸುವ ಕೆಲಸಕ್ಕೆ f(n) ಖರ್ಚು:

```
T(n) = aT(n/b) + f(n)
```

ಇದನ್ನು ಬಿಡಿಸಲು ಮೊದಲು ಎಲೆಗಳನ್ನು ಎಣಿಸಬೇಕು. n ಪ್ರತಿ ಸಲ b ಪಟ್ಟು ಹೆಚ್ಚಾದಾಗ ಮರಕ್ಕೆ ಒಂದು ಸಾಲು ಸೇರಿ ಎಲೆಗಳು a ಪಟ್ಟಾಗುತ್ತವೆ. ಹೀಗೆ ಬೆಳೆಯುವ ಸಂಖ್ಯೆಯನ್ನು n ಘಾತ log_b a ಎಂದು ಬರೆಯುತ್ತಾರೆ. ಲಾಗರಿದಮ್ ನೋಡಿ ಹೆದರುವ ಅಗತ್ಯವಿಲ್ಲ. bಯನ್ನು ಯಾವ ಘಾತಕ್ಕೆ ಏರಿಸಿದರೆ a ಬರುತ್ತದೆ ಎಂಬ ಪ್ರಶ್ನೆಗೆ ಉತ್ತರ ಅದು. 2ನ್ನು 4 ಮಾಡಲು ಘಾತ 2 ಬೇಕು, ಹಾಗಾಗಿ ನಾಲ್ಕು ಗುಣಾಕಾರಗಳ ಖರ್ಚು n². 2ನ್ನು 3 ಮಾಡಲು ಸುಮಾರು 1.585 ಸಾಕು, ಹಾಗಾಗಿ ಕರಾತ್ಸುಬಾ ಗುಣಾಕಾರದ ಖರ್ಚು n ಘಾತ 1.585ರಂತೆ ಬೆಳೆಯುತ್ತದೆ. ಉಳಿಸಿದ ಒಂದು ಗುಣಾಕಾರ ಪ್ರತಿ ಸಾಲಿನಲ್ಲೂ ಮತ್ತೆ ಮತ್ತೆ ಉಳಿಯುತ್ತಾ ಹೋದದ್ದರಿಂದ ಘಾತಾಂಕವೇ ಇಳಿಯಿತು.

ಎಲೆಗಳ ಎಣಿಕೆ ಸಿಕ್ಕ ಮೇಲೆ ಅದನ್ನು f(n) ಜೊತೆ ಹೋಲಿಸುವುದೊಂದೇ ಬಾಕಿ. ಎಲೆಗಳ ಘಾತಾಂಕ ದೊಡ್ಡದಿದ್ದರೆ ಎಲೆಗಳ ಎಣಿಕೆಯೇ ಉತ್ತರ. ಎರಡೂ ಸಮನಾಗಿದ್ದರೆ ಒಂದು ಸಾಲಿನ ಖರ್ಚನ್ನು ಸಾಲುಗಳ ಸಂಖ್ಯೆಯಿಂದ ಗುಣಿಸಬೇಕು. ಮರ್ಜ್ ಸಾರ್ಟ್‌ನ n log n ಬರುವುದು ಹೀಗೆ. f(n)ನ ಘಾತಾಂಕ ದೊಡ್ಡದಿದ್ದರೆ f(n) ಅಷ್ಟೇ ಉತ್ತರ. ಈ ಮೂರನೆಯ ಸಂದರ್ಭಕ್ಕೆ ಒಂದು ಷರತ್ತಿದೆ: ಸಾಲಿನಿಂದ ಸಾಲಿಗೆ ಖರ್ಚು ನಿಜಕ್ಕೂ ಒಂದು ನಿಶ್ಚಿತ ಪ್ರಮಾಣದಲ್ಲಿ ಕುಗ್ಗುತ್ತಿರಬೇಕು. n, n² ಇಂಥ ಸಾಮಾನ್ಯ ಖರ್ಚುಗಳಲ್ಲಿ ಅದು ತಾನಾಗಿಯೇ ನಡೆಯುತ್ತದೆ.

ಇಂಥ ಸಮೀಕರಣಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದ ಕಾಲ ಬಹಳ ದಿನ ನಡೆಯಿತು. 1980ರಲ್ಲಿ ಜಾನ್ ಬೆಂಟ್ಲಿ, ಡೊರೊತಿಯಾ ಹಾಕೆನ್, ಜೇಮ್ಸ್ ಸ್ಯಾಕ್ಸ್ ಅವೆಲ್ಲಕ್ಕೂ ಹೊಂದುವ ಒಂದು ಸಾಮಾನ್ಯ ಕ್ರಮವನ್ನು ಪ್ರಕಟಿಸಿದರು. ಅದಕ್ಕೆ ಮಾಸ್ಟರ್ ಎಂಬ ಹೆಸರು ನಿಂತದ್ದು 1990ರಲ್ಲಿ ಬಂದ ಕಾರ್ಮೆನ್, ಲೀಸರ್ಸನ್, ರಿವೆಸ್ಟ್ ಅವರ ಆಲ್ಗರಿದಮ್ ಪಠ್ಯಪುಸ್ತಕದಿಂದ. ಇಂದು ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ತರಗತಿಗಳಲ್ಲೂ ಆ ಹೆಸರೇ ಓಡಾಡುತ್ತದೆ.

ಪ್ರಮೇಯವನ್ನು ಬಳಸುವಾಗ ಜನ ಎಡವುವುದು ಲಾಗರಿದಮ್‌ನಲ್ಲಿ ಅಲ್ಲ, ಅದಕ್ಕಿಂತ ಮುಂಚೆಯೇ, ಸಮೀಕರಣ ಬರೆಯುವ ಹಂತದಲ್ಲಿ. ಬೈನರಿ ಸರ್ಚ್ ಇದಕ್ಕೆ ಒಳ್ಳೆಯ ಉದಾಹರಣೆ. ಕ್ರಮವಾಗಿ ಜೋಡಿಸಿದ ಪಟ್ಟಿಯ ನಡುವಿನ ಅಂಶವನ್ನು ನೋಡಿ, ಬೇಕಾದದ್ದು ಎಡಕ್ಕಿದೆಯೋ ಬಲಕ್ಕಿದೆಯೋ ತಿಳಿದು, ಆ ಅರ್ಧದಲ್ಲಿ ಮಾತ್ರ ಹುಡುಕುವ ವಿಧಾನ ಅದು. T(n) = T(n/2) + 1, ಆದ್ದರಿಂದ ಉತ್ತರ log n. 1024 ಅಂಶಗಳಿಗೆ ಹನ್ನೊಂದು ಹೆಜ್ಜೆ ಸಾಕು. ಆದರೆ ಪೈಥಾನ್‌ನಲ್ಲಿ ಇದನ್ನು ಸುಲಭವಾಗಿ ಬರೆಯಲು ಹೊರಟವರು ಹೀಗೆ ಬರೆಯುವುದುಂಟು:

```python
def hudukku(a, x):
    if not a:
        return False
    m = len(a) // 2
    if a[m] == x:
        return True
    if x < a[m]:
        return hudukku(a[:m], x)
    return hudukku(a[m+1:], x)
```

ಉತ್ತರ ಸರಿಯಾಗಿಯೇ ಬರುತ್ತದೆ. ಆದರೆ `a[:m]` ಎಂದು ಬರೆದಾಗ ಪೈಥಾನ್ ಆ ಅರ್ಧ ಪಟ್ಟಿಯನ್ನು ಹೊಸದಾಗಿ ನಕಲು ಮಾಡುತ್ತದೆ. ಒಂದೇ ಹೆಜ್ಜೆ ಎಂದುಕೊಂಡ ಕಡೆ n/2 ಹೆಜ್ಜೆಗಳು ಅಡಗಿ ಕೂತಿವೆ. ಹಾಗಾಗಿ ನಿಜವಾದ ಸಮೀಕರಣ T(n) = T(n/2) + n/2. ಕೊಂಬೆಯಿಲ್ಲದ ಆ ನಾಲ್ಕನೆಯ ಮರವೇ ಇದು. ಭಾರವೆಲ್ಲ ಮೂಲದಲ್ಲಿ ಬಿದ್ದು, ಉತ್ತರ n ಆಗುತ್ತದೆ. ಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ಒಂದೊಂದಾಗಿ ನೋಡುತ್ತಾ ಹೋದರೂ ಇದೇ ಪ್ರಮಾಣದ ಖರ್ಚು! ನಕಲು ಮಾಡದೆ, ಹುಡುಕಬೇಕಾದ ಭಾಗದ ಎಡತುದಿ ಬಲತುದಿಗಳ ಸ್ಥಾನಗಳನ್ನಷ್ಟೇ ಕಳಿಸಿದರೆ log n ಮರಳಿ ಸಿಗುತ್ತದೆ.

ಇನ್ನೊಂದು ತೊಡಕು ಪ್ರಮೇಯದ ಒಳಗೇ ಇದೆ. T(n) = 2T(n/2) + n log n ಎಂಬ ಸಮೀಕರಣ ತೆಗೆದುಕೊಳ್ಳಿ. ಎಲೆಗಳು n, ಜೋಡಿಸುವ ಖರ್ಚು n log n. ಎರಡನೆಯದು ದೊಡ್ಡದು, ಆದ್ದರಿಂದ ಮೂರನೆಯ ಸಂದರ್ಭ, ಉತ್ತರ n log n ಎಂದು ಬರೆದುಬಿಡಲು ಕೈ ಓಡುತ್ತದೆ. ಅದು ತಪ್ಪು. ಪ್ರಮೇಯ ಕೇಳುವುದು ಘಾತಾಂಕದಲ್ಲಿ ಅಂತರವನ್ನು, ಅದು ಎಷ್ಟೇ ಚಿಕ್ಕದಿರಲಿ. nಗೂ n log nಗೂ ಘಾತಾಂಕ ಒಂದೇ. ಮರವನ್ನು ಬರೆದು ನೋಡಿದರೆ ಸಂಗತಿ ತಿಳಿಯುತ್ತದೆ. 1024ಕ್ಕೆ ಮೊದಲ ಸಾಲಿನ ಖರ್ಚು 1024ರ ಹತ್ತು ಪಟ್ಟು, ಎರಡನೆಯದು ಒಂಬತ್ತು ಪಟ್ಟು, ಮುಂದಿನದು ಎಂಟು ಪಟ್ಟು. ಖರ್ಚು ಇಳಿಯುತ್ತಿದೆ ನಿಜ, ಆದರೆ ಅರ್ಧಕ್ಕರ್ಧ ಕುಗ್ಗುತ್ತಿಲ್ಲ, ಒಂದೊಂದೇ ಮೆಟ್ಟಿಲು ಇಳಿಯುತ್ತಿದೆ. ಹತ್ತರಿಂದ ಒಂದರವರೆಗೆ ಕೂಡಿದರೆ 55. ಹಾಗಾಗಿ ಒಟ್ಟು ಖರ್ಚು n ಮತ್ತು log nನ ವರ್ಗ ಇವೆರಡರ ಗುಣಲಬ್ಧದಂತೆ ಬೆಳೆಯುತ್ತದೆ. ಪ್ರಮೇಯದ ವಿಸ್ತರಿಸಿದ ರೂಪಗಳು ಈ ಉತ್ತರವನ್ನು ನೇರವಾಗಿ ಕೊಡುತ್ತವೆ, ಮೂಲ ರೂಪ ಮಾತ್ರ ಇಲ್ಲಿ ಕೈಚೆಲ್ಲುತ್ತದೆ. ಸೂತ್ರಕ್ಕಿಂತ ಮರವನ್ನು ನಾನು ಹೆಚ್ಚು ನಂಬುವುದು ಇದಕ್ಕೇ.

ತುಂಡುಗಳ ಗಾತ್ರ ಬೇರೆಬೇರೆಯಾಗಿದ್ದರೂ ಈ ಪ್ರಮೇಯ ಒದಗುವುದಿಲ್ಲ. ಒಂದು ತುಂಡು ಮೂರನೇ ಒಂದು ಭಾಗ, ಇನ್ನೊಂದು ಮೂರನೇ ಎರಡು ಭಾಗ ಎಂದಾದರೆ b ಎಷ್ಟು ಎಂದು ಬರೆಯುವುದು? ಇಂಥವಕ್ಕೆ ಮೊಹಮದ್ ಅಕ್ರಾ ಮತ್ತು ಲೂಯಿ ಬಜ್ಜಿ 1998ರಲ್ಲಿ ಪ್ರಕಟಿಸಿದ ಹೆಚ್ಚು ವ್ಯಾಪಕವಾದ ವಿಧಾನವಿದೆ. ಸಮಸ್ಯೆ ಪ್ರತಿ ಸಲ ಒಂದಷ್ಟೇ ಚಿಕ್ಕದಾಗುವ T(n−1) ಬಗೆಯ ಸಮೀಕರಣಗಳು, ಉದಾಹರಣೆಗೆ ಹನೋಯ್ ಗೋಪುರದ ಆಟದ್ದು, ಈ ಲೆಕ್ಕದ ವ್ಯಾಪ್ತಿಗೇ ಬರುವುದಿಲ್ಲ. ಅಲ್ಲಿ ಒಡೆಯುವುದು ನಡೆದೇ ಇಲ್ಲ.

ಪ್ರಮೇಯ ಕೊಡುವುದು ಖರ್ಚು ಬೆಳೆಯುವ ರೀತಿಯನ್ನು. ಎಷ್ಟು ಸೆಕೆಂಡು ಎಂಬುದು ಅದರಲ್ಲಿ ಇಲ್ಲ. ಕರಾತ್ಸುಬಾ ವಿಧಾನದಲ್ಲಿ ಕೂಡುವ, ಕಳೆಯುವ, ಮಧ್ಯದ ಉತ್ತರಗಳನ್ನು ಇಟ್ಟುಕೊಳ್ಳುವ ಕೆಲಸ ಹೆಚ್ಚು. ನಾಲ್ಕಂಕಿಯ ಸಂಖ್ಯೆಗಳಿಗೆ ಅದನ್ನು ಬಳಸಿದರೆ ನಷ್ಟವೇ. ಪ್ರಚಲಿತ ಸಿಪೈಥಾನ್ ದೊಡ್ಡ ಪೂರ್ಣಾಂಕಗಳನ್ನು ಸಾಮಾನ್ಯವಾಗಿ 30 ಬಿಟ್‌ಗಳ ತುಂಡುಗಳಾಗಿ ಇಟ್ಟುಕೊಳ್ಳುತ್ತದೆ. ಚಿಕ್ಕ ಸಂಖ್ಯೆಯಲ್ಲಿ ಅಂಥ ತುಂಡುಗಳು 70ನ್ನು ದಾಟುವವರೆಗೆ, ಅಂದರೆ ನಮ್ಮ ದಶಮಾಂಶ ಲೆಕ್ಕದಲ್ಲಿ ಸುಮಾರು 630 ಅಂಕಿಗಳವರೆಗೆ, ಶಾಲೆಯ ಪದ್ಧತಿಯಲ್ಲೇ ಗುಣಿಸಿ, ಅದರಾಚೆಗೆ ಕರಾತ್ಸುಬಾಗೆ ಹೊರಳುತ್ತದೆ. ಒಡೆಯುತ್ತಾ ಹೋಗಿ ತುಂಡು ಆ ಮಿತಿಗಿಂತ ಚಿಕ್ಕದಾದಾಗ ಮತ್ತೆ ಶಾಲೆಯ ಪದ್ಧತಿಗೇ ಮರಳುತ್ತದೆ.

ಒಂದು ಪ್ರೋಗ್ರಾಂ ನಿಜವಾಗಿ ಯಾವ ಸಮೀಕರಣದಂತೆ ನಡೆಯುತ್ತಿದೆ ಎಂದು ಪರೀಕ್ಷಿಸಲೂ ಇದೇ ಲೆಕ್ಕ ಉಪಯೋಗಕ್ಕೆ ಬರುತ್ತದೆ. ಅಂಕಿಗಳನ್ನು ಎರಡರಷ್ಟು ಮಾಡಿ, ತಗಲಿದ ಸಮಯವನ್ನು ಹಿಂದಿನದರಿಂದ ಭಾಗಿಸಿ ನೋಡಬೇಕು. ಶಾಲೆಯ ಪದ್ಧತಿಯಾದರೆ ಅನುಪಾತ 4ರ ಹತ್ತಿರ ನಿಲ್ಲಬೇಕು, ಕರಾತ್ಸುಬಾ ಆದರೆ 3ರ ಹತ್ತಿರ. ಮರ್ಜ್ ಸಾರ್ಟ್‌ನಲ್ಲಿ 2ಕ್ಕಿಂತ ಸ್ವಲ್ಪ ಹೆಚ್ಚು. ನಕಲು ಮಾಡುವ ಆ ಬೈನರಿ ಸರ್ಚ್‌ನಲ್ಲಿ ಸುಮಾರು 2 ಬರುತ್ತದೆ. ಸರಿಯಾಗಿ ಬರೆದದ್ದರಲ್ಲಿ ಪಟ್ಟಿ ಎರಡರಷ್ಟಾದಾಗ ಒಂದು ಹೆಜ್ಜೆ ಮಾತ್ರ ಹೆಚ್ಚಬೇಕಾದ್ದರಿಂದ ಅನುಪಾತ 1ಕ್ಕಿಂತ ಕೊಂಚವೇ ಮೇಲಿರುತ್ತದೆ. ಸಣ್ಣ ಗಾತ್ರಗಳಲ್ಲಿ ಬೇರೆ ಖರ್ಚುಗಳು ಸೇರಿ ಅನುಪಾತ ಅಲುಗಾಡುತ್ತದೆ, ಆದ್ದರಿಂದ ಗಾತ್ರವನ್ನು ಹಲವು ಸಲ ಹೆಚ್ಚಿಸುತ್ತಾ ಹೋಗಿ ಅದು ಎಲ್ಲಿ ನೆಲೆಗೊಳ್ಳುತ್ತದೆ ಎಂದು ನೋಡಬೇಕು. 3 ಬರಬೇಕಾದಲ್ಲಿ 4 ಬಂದು ನಿಂತರೆ, ಮೂರೇ ಗುಣಾಕಾರ ಎಂದುಕೊಂಡ ಕಡೆ ನಾಲ್ಕನೆಯದೊಂದು ಎಲ್ಲೋ ನಡೆಯುತ್ತಿದೆಯೇ ಎಂದು ಮೊದಲು ಹುಡುಕಬೇಕು.

ಮೂರರಲ್ಲೇ ನಿಲ್ಲಬೇಕಾಗಿಯೂ ಇರಲಿಲ್ಲ. 1963ರಲ್ಲಿ ಆಂದ್ರೇ ತೂಮ್ ಸಂಖ್ಯೆಯನ್ನು ಇನ್ನೂ ಹೆಚ್ಚು ಭಾಗಗಳಾಗಿ ಒಡೆಯುವ ದಾರಿ ತೋರಿಸಿದರು. ಸಂಖ್ಯೆಯನ್ನು ಮೂರು ಭಾಗ ಮಾಡಿದರೆ ಮಾಮೂಲಿನಂತೆ ಒಂಬತ್ತು ಗುಣಾಕಾರಗಳು ಬೇಕು, ಅವರ ದಾರಿಯಲ್ಲಿ ಐದು ಸಾಕು. T(n) = 5T(n/3) + n. 3ನ್ನು 5 ಮಾಡಲು ಬೇಕಾದ ಘಾತ ಸುಮಾರು 1.465. 1969ರಲ್ಲಿ ಫೋಲ್ಕರ್ ಸ್ಟ್ರಾಸೆನ್ ಮ್ಯಾಟ್ರಿಕ್ಸ್‌ಗಳ ವಿಷಯದಲ್ಲಿ ಎಂಟು ಗುಣಾಕಾರಗಳನ್ನು ಏಳಕ್ಕೆ ಇಳಿಸಿದರು. ಅಲ್ಲಿ T(n) = 7T(n/2) + n², ಎಲೆಗಳ ಘಾತಾಂಕ ಸುಮಾರು 2.807, ಕೂಡುವ ಖರ್ಚಿನದು 2. ಎಲೆಗಳದೇ ಮೇಲುಗೈ, ಹಾಗಾಗಿ n³ ಇದ್ದ ಖರ್ಚು n ಘಾತ 2.807ಕ್ಕೆ ಇಳಿಯಿತು.